ಸುಡುವ ಚಹಾ ಮತ್ತು ‘ಎಂಟು ಪಟ್ಟು’ ಎಂಬ ಲೆಕ್ಕ

“ನಮ್ಮ ಮಾವನವರಿಗೆ 70 ದಾಟಿದೆ. ಸೋಸಿದ ಕೂಡಲೇ ಚಹಾ ಕೈಯಲ್ಲಿರಬೇಕು. ಎರಡು ನಿಮಿಷ ತಡವಾದರೆ ‘ಆರಿದ ಚಾ ಯಾಂವ ಕುಡೀತಾನ’ ಅಂತ ವಾಪಸ್ ಕಳಿಸ್ತಾರೆ. ದಿನಕ್ಕೆ ಆರೇಳು ಕಪ್ಪು. ಊಟವಾದ ಮೇಲೆ ಎಲೆ-ಅಡಿಕೆ, ತಂಬಾಕು ಬೇರೆ. ಮೊನ್ನೆ ವಾಟ್ಸಾಪಿನಲ್ಲಿ ‘ಬಿಸಿ ಚಹಾದಿಂದ ಅನ್ನನಾಳದ ಕ್ಯಾನ್ಸರ್ ಎಂಟು ಪಟ್ಟು’ ಅಂತ ಬಂದಿತ್ತು. ತೋರಿಸಿದರೆ ನಕ್ಕುಬಿಟ್ಟರು. ಇದು ನಿಜವೇ? ಚಹಾ ಬಿಡಿಸಬೇಕೆ?”
— ಓದುಗರೊಬ್ಬರು, ಧಾರವಾಡ

ಚಹಾ ಬಿಡಿಸುವುದು ಬೇಡ. ಆರಿಸಿ ಕೊಡಿ. ಬಿಡಿಸಲೇಬೇಕಾದದ್ದು ತಂಬಾಕು, ಅದರ ಮಾತಿಗೆ ಆಮೇಲೆ ಬರುತ್ತೇನೆ. ಆ ‘ಎಂಟು’ ಯಾರೋ ಕೂತು ಕಟ್ಟಿದ್ದಲ್ಲ, ಅದಕ್ಕೊಂದು ಊರಿದೆ. ಅದು ಎಲ್ಲಿಂದ ಬಂತು, ಮುಂದೆ ಏನಾಯಿತು ಎಂದು ತಿಳಿದರೆ ಮಾವನವರ ಎದುರು ಕೂತು ಸಮಾಧಾನದಿಂದ ಮಾತಾಡಬಹುದು.

ಇರಾನಿನ ಈಶಾನ್ಯಕ್ಕೆ, ಕ್ಯಾಸ್ಪಿಯನ್ ಸಮುದ್ರದ ಪಕ್ಕದಲ್ಲಿ ಗೋಲೆಸ್ತಾನ್ ಎಂಬ ಪ್ರಾಂತ್ಯವಿದೆ. ಅನ್ನನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಂಡುಬಂದ ಜಾಗಗಳಲ್ಲಿ ಅದೂ ಒಂದು. ವೈದ್ಯರನ್ನು ಬಹುಕಾಲ ಕಾಡಿದ ಒಗಟು ಏನೆಂದರೆ, ಅಲ್ಲಿ ಮದ್ಯ ಕುಡಿಯುವವರು ತೀರಾ ಕಡಿಮೆ, ಸಿಗರೇಟು ಸೇದುವವರೂ ಹೆಚ್ಚಿಲ್ಲ. ಬೇರೆ ದೇಶಗಳಲ್ಲಿ ಈ ರೋಗಕ್ಕೆ ಮುಖ್ಯ ಕಾರಣಗಳು ಅವೆರಡೇ. ಇಲ್ಲಿ ಹೆಂಗಸರಿಗೂ ಗಂಡಸರಷ್ಟೇ ರೋಗ ಬರುತ್ತಿತ್ತು. ಹಾಗಾಗಿ ಸಂಶೋಧಕರ ಕಣ್ಣು ಅಲ್ಲಿನವರ ನಿತ್ಯದ ಚಹಾದ ಮೇಲೆ ಬಿತ್ತು. ಹಾಲಿಲ್ಲದ ಕಪ್ಪು ಚಹಾ ಅಲ್ಲಿ ಮನೆಮನೆಯಲ್ಲಿ ನಡೆಯುತ್ತದೆ, ಸರಾಸರಿ ಒಬ್ಬರಿಗೆ ದಿನಕ್ಕೆ ಒಂದು ಲೀಟರಿಗೂ ಹೆಚ್ಚು.

2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ ಈ ಕ್ಯಾನ್ಸರ್ ಬಂದಿದ್ದ 300 ಜನರನ್ನು, ಅದೇ ಸೀಮೆಯ ಆರೋಗ್ಯವಂತರಾದ 571 ಜನರ ಜೊತೆ ಹೋಲಿಸಿದರು. ಇಬ್ಬರಿಗೂ ಕೇಳಿದ ಪ್ರಶ್ನೆ ಒಂದೇ: ನೀವು ಚಹಾ ಎಷ್ಟು ಬಿಸಿಯಾಗಿ ಕುಡಿಯುತ್ತಿದ್ದಿರಿ? ಉಗುರುಬೆಚ್ಚಗೆ ಅಥವಾ ಬೆಚ್ಚಗೆ ಕುಡಿಯುವವರ ಜೊತೆಗಿಟ್ಟು ನೋಡಿದಾಗ ಬಿಸಿಯಾಗಿ ಕುಡಿಯುವವರಲ್ಲಿ ಅಪಾಯ ಸುಮಾರು ಎರಡು ಪಟ್ಟು, ಸುಡುಸುಡು ಕುಡಿಯುವವರಲ್ಲಿ ಸುಮಾರು ಎಂಟು ಪಟ್ಟು. ನಿಮ್ಮ ವಾಟ್ಸಾಪಿನ ಎಂಟು ಇದೇ. ಬಗ್ಗಿಸಿದ ಎರಡು ನಿಮಿಷದೊಳಗೆ ಕುಡಿಯುವವರನ್ನು ನಾಲ್ಕು ನಿಮಿಷವಾದರೂ ಬಿಟ್ಟು ಕುಡಿಯುವವರ ಜೊತೆ ಹೋಲಿಸಿದಾಗ ಅಪಾಯ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬಂತು.

ಆದರೆ ಈ ರೀತಿಯ ಅಧ್ಯಯನದಲ್ಲಿ ಒಂದು ತೊಡಕಿದೆ. ಅನ್ನನಾಳದಲ್ಲಿ ಗಡ್ಡೆ ಇರುವವರನ್ನು ‘ಎಷ್ಟು ಬಿಸಿ ಕುಡಿಯುತ್ತಿದ್ದಿರಿ’ ಎಂದು ಕೇಳಿದರೆ ಅವರು ಉತ್ತರಿಸುವ ಬಗೆಯೇ ಬೇರೆ. ಈ ರೋಗ ನನಗೇ ಯಾಕೆ ಬಂತು ಎಂದು ಅವರು ರಾತ್ರಿಯೆಲ್ಲ ಯೋಚಿಸಿರುತ್ತಾರೆ. ನುಂಗುವಾಗ ನೋವಾಗುವುದರಿಂದ ‘ಬಿಸಿ’ ಎಂಬುದರ ಅರ್ಥವೇ ಅವರಿಗೆ ಬದಲಾಗಿರುತ್ತದೆ. ಆರೋಗ್ಯವಂತರು ಹಾಗೆ ನೆನಪು ಕೆದಕುವುದಿಲ್ಲ. ಇದರಿಂದ ಸಂಖ್ಯೆ ಉಬ್ಬುವ ಸಾಧ್ಯತೆ ಇರುತ್ತದೆ.

ಹಾಗಾಗಿ ನಾನು ಹೆಚ್ಚು ನಂಬುವುದು ಅದೇ ಪ್ರಾಂತ್ಯದ ಇನ್ನೊಂದು ಕೆಲಸವನ್ನು. 2004ರಿಂದ 2008ರವರೆಗೆ 40ರಿಂದ 75 ವರ್ಷದ 50,045 ಜನರನ್ನು, ರೋಗ ಬರುವ ಮೊದಲೇ, ಪಟ್ಟಿಗೆ ಸೇರಿಸಿಕೊಂಡರು. ಬಿಸಿಯನ್ನು ಬರೀ ಬಾಯಿಮಾತಿನಲ್ಲಿ ಕೇಳಿ ಬಿಡಲಿಲ್ಲ, ಅಳೆದರು. ಅಳೆದ ಬಗೆ ನನಗೆ ಬಹಳ ಹಿಡಿಸಿತು. ಒಂದೇ ಪಾತ್ರೆಯಿಂದ ಎರಡು ಕಪ್ಪು ಚಹಾ ಬಗ್ಗಿಸುತ್ತಾರೆ. ಒಂದರಲ್ಲಿ ಥರ್ಮಾಮೀಟರ್, ಇನ್ನೊಂದು ಆ ವ್ಯಕ್ತಿಯ ಕೈಗೆ. ಪಾದರಸ 75 ಡಿಗ್ರಿಗೆ ಇಳಿದಾಗ ‘ಒಂದು ಗುಟುಕು ಕುಡಿದು ನೋಡಿ, ನೀವು ದಿನಾ ಕುಡಿಯುವ ಬಿಸಿ ಇದೇನಾ?’ ಎಂದು ಕೇಳುತ್ತಾರೆ. ಅಲ್ಲ ಎಂದರೆ 70ಕ್ಕೆ ಇಳಿಯುವ ತನಕ ಕಾದು ಮತ್ತೆ ಕೇಳುತ್ತಾರೆ. ಹೀಗೆ ಐದೈದು ಡಿಗ್ರಿ ಇಳಿಸುತ್ತ ಸುಮಾರು 48 ಸಾವಿರ ಜನರ ನಾಲಿಗೆಯ ರೂಢಿಯನ್ನು ಬರೆದುಕೊಂಡರು. ಐದು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ 65 ಡಿಗ್ರಿ ಅಥವಾ ಅದಕ್ಕೂ ಮೇಲಿನ ಬಿಸಿಯಲ್ಲಿ ಕುಡಿಯುವವರಾಗಿದ್ದರು.

ಆಮೇಲೆ ಸುಮಾರು ಹತ್ತು ವರ್ಷ ಕಾದರು. ಅಷ್ಟರಲ್ಲಿ 317 ಜನರಿಗೆ ಈ ಕ್ಯಾನ್ಸರ್ ಬಂತು. 2020ರಲ್ಲಿ ಲೆಕ್ಕ ಹೊರಬಿತ್ತು: 60 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ, ದಿನಕ್ಕೆ 700 ಮಿಲಿಲೀಟರಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ, ಆ ಎರಡೂ ಗಡಿ ದಾಟಿದವರಲ್ಲಿ ಅಪಾಯ ಶೇಕಡಾ 90ರಷ್ಟು ಹೆಚ್ಚು. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ‘ನನಗೆ ಸುಡುಸುಡು ಚಹಾವೇ ಬೇಕು’ ಎಂದವರನ್ನಷ್ಟೇ ತೆಗೆದುಕೊಂಡರೆ ಸುಮಾರು ಎರಡೂವರೆ ಪಟ್ಟು. ಎಂಟು ಕರಗಿತು, ಸಂಬಂಧ ಮಾತ್ರ ಅಳಿಸಿಹೋಗಲಿಲ್ಲ.

ಈ ‘ಎರಡು ಪಟ್ಟು’ ಎಂಬುದನ್ನೂ ಬಿಡಿಸಿ ನೋಡೋಣ. 50 ಸಾವಿರ ಜನರಲ್ಲಿ 317 ಎಂದರೆ, ಈ ರೋಗಕ್ಕೇ ಹೆಸರಾದ ಆ ಸೀಮೆಯಲ್ಲೂ ಹತ್ತು ವರ್ಷದಲ್ಲಿ ಸಾವಿರಕ್ಕೆ ಆರೇ ಜನ. ಸಾವಿರಕ್ಕೆ ನಾಲ್ಕು ಇದ್ದದ್ದು ಎಂಟಾದರೂ ಅದು ಎರಡು ಪಟ್ಟೇ. ನಿಮ್ಮ ಮಾವನವರು ನಕ್ಕದ್ದರಲ್ಲಿ ಅಷ್ಟು ಮಟ್ಟಿಗೆ ನ್ಯಾಯವಿದೆ, ಸುಡುವ ಚಹಾ ಕುಡಿಯುವ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲ. ಆದರೆ ಬಂದವರ ಪಾಡು ಕಠಿಣ. ಹೆಚ್ಚಿನವರಲ್ಲಿ ಅದು ಗೊತ್ತಾಗುವುದೇ ತಡವಾಗಿ. ನಾಲ್ಕು ನಿಮಿಷ ಕಾಯುವುದರಿಂದ ಕಡಿಮೆಯಾಗುವ ಅಪಾಯವನ್ನು ಸುಮ್ಮನೆ ಹೊತ್ತುಕೊಳ್ಳುವುದು ಯಾಕೆ ಎಂಬುದೇ ನನ್ನ ಪ್ರಶ್ನೆ.

ಬಿಸಿ ಒಳಗೆ ಏನು ಮಾಡುತ್ತದೆ? ಅನ್ನನಾಳದ ಒಳಮೈಗೆ ಚಪ್ಪಟೆ ಕೋಶಗಳ ಪದರ ಪದರವಾದ ಹೊದಿಕೆ ಇದೆ. ಸುಟ್ಟರೆ ಅದು ಸತ್ತ ಕೋಶಗಳ ಜಾಗಕ್ಕೆ ಹೊಸವನ್ನು ಹುಟ್ಟಿಸಿಕೊಳ್ಳುತ್ತದೆ. ದಿನಕ್ಕೆ ಆರು ಸಲ, ವರ್ಷಗಟ್ಟಲೆ ಈ ಸುಡುವುದು-ಮಾಯುವುದು ನಡೆದರೆ ಕೋಶಗಳು ಅಷ್ಟು ಹೆಚ್ಚು ಸಲ ಒಡೆದು ಎರಡಾಗಬೇಕು, ತಪ್ಪಿಗೆ ಅಷ್ಟು ಹೆಚ್ಚು ಅವಕಾಶ. ಜೊತೆಗೆ, ಹುಣ್ಣಾದ ಹೊದಿಕೆಯನ್ನು ದಾಟಿ ತಂಬಾಕು, ಮದ್ಯದ ವಿಷ ಸುಲಭವಾಗಿ ಒಳಗಿಳಿಯುತ್ತದೆ ಎಂಬ ವಿವರಣೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ಗಮನಿಸಿ, ಅದು ಚಹಾವನ್ನೋ ಕಾಫಿಯನ್ನೋ ದೂರಲಿಲ್ಲ. ದಕ್ಷಿಣ ಅಮೆರಿಕದವರು ಲೋಹದ ನಳಿಕೆಯಲ್ಲಿ ಹೀರುವ ಮಾತೆ ಎಂಬ ಎಲೆಯ ಕಷಾಯಕ್ಕೂ ಇದೇ ಮಾತು: ಸುಡುವಾಗ ಸಂಶಯ, ಆರಿದ್ದಾಗ ಇಲ್ಲ.

ಗುಟುಕಿನ ಗಾತ್ರದ ವಿಷಯವನ್ನು ನಮ್ಮವರು ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 65 ಡಿಗ್ರಿಯ ಕಾಫಿ ಕುಡಿಸಿ ಅನ್ನನಾಳದ ಒಳಗಿನ ಬಿಸಿಯನ್ನೇ ಅಳೆದ ಹಳೆಯ ಪ್ರಯೋಗವೊಂದಿದೆ. ಒಳಗಿನ ಬಿಸಿ 6ರಿಂದ 12 ಡಿಗ್ರಿವರೆಗೆ ಏರಿತು. ಆರೋ ಹನ್ನೆರಡೋ ಎಂಬುದು ಒಂದು ಸಲಕ್ಕೆ ಎಷ್ಟು ನುಂಗಿದರು ಎಂಬುದರ ಮೇಲೆ ನಿಂತಿತ್ತು. ಚಿಕ್ಕ ಗುಟುಕು ಬಾಯಲ್ಲೇ ಆರುತ್ತದೆ, ದೊಡ್ಡ ಗುಟುಕು ಬಿಸಿಯನ್ನು ಹೊತ್ತುಕೊಂಡೇ ಕೆಳಗಿಳಿಯುತ್ತದೆ. ಸೊರ್ರೆಂದು ಸದ್ದು ಮಾಡಿ ಹೀರುವ ಅಜ್ಜಂದಿರು ಚಹಾದ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತಾರೆ. ಮನೆಯಲ್ಲಿ ಯಾರಾದರೂ ಅದಕ್ಕೆ ಮುಖ ಸಿಂಡರಿಸಿದರೆ ದಯವಿಟ್ಟು ಬೇಡ ಎನ್ನಿ.

ಈಗ ನಿಮ್ಮ ಮನೆಯ ಲೆಕ್ಕ. ಕಪ್ಪಿಗೆ 100 ಮಿಲಿಲೀಟರ್ ಹಿಡಿದರೆ ಆರೇಳು ಕಪ್ಪು ಅಂದರೆ 600-700. ಗೋಲೆಸ್ತಾನದವರು ಹಾಕಿಕೊಂಡ ಗಡಿಯ ಹತ್ತಿರಕ್ಕೇ ಬಂತು. ಪಶ್ಚಿಮದಲ್ಲಿ ಚಹಾಕ್ಕೆ ತಣ್ಣನೆಯ ಹಾಲು ಬೆರೆಸುವವರಿಗೆ ಅದರಿಂದಲೇ ಬಿಸಿ ಇಳಿಯುತ್ತದೆ. ನಮ್ಮಲ್ಲಿ ಹಾಲೂ ಚಹಾಪುಡಿಯೂ ಒಟ್ಟಿಗೆ ಕುದಿಯುತ್ತವೆ, ಹಾಲು ನಮ್ಮನ್ನು ಕಾಯುವುದಿಲ್ಲ. ಅಡುಗೆಗೆ ಬಳಸುವ ಥರ್ಮಾಮೀಟರ್ ಸಿಕ್ಕರೆ ಆ ಎರಡು ಕಪ್ಪಿನ ಪ್ರಯೋಗವನ್ನು ಮಾವನವರ ಮುಂದೆಯೇ ಮಾಡಿ. ಜ್ವರ ನೋಡುವುದು ಇದಕ್ಕೆ ಬರುವುದಿಲ್ಲ, ಅದರ ಅಳತೆ 42ರ ಆಸುಪಾಸಿನಲ್ಲೇ ಮುಗಿಯುತ್ತದೆ. 60ಕ್ಕೆ ಇಳಿಯಲು ನಿಮ್ಮ ಕಪ್ಪಿನಲ್ಲಿ ಎಷ್ಟು ನಿಮಿಷ ಬೇಕೆಂದು ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಗಡಿಯಾರ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಐದು ನಿಮಿಷ ಬಿಡಿ. ಫ್ಲಾಸ್ಕಿನಿಂದ ಬಗ್ಗಿಸಿದ್ದಕ್ಕೂ ಅಷ್ಟೇ.

ಕಾಯಲು ಒಲ್ಲದವರಿಗೆ ನಿಮ್ಮ ಸೀಮೆಯಲ್ಲೇ ದಾರಿ ಇದೆ: ಬಶಿ. ಅಗಲಕ್ಕೆ ಹರಡಿದ ಚಹಾ ಬೇಗ ಬಿಸಿ ಬಿಡುತ್ತದೆ, ಬಶಿಯಿಂದ ದೊಡ್ಡ ಗುಟುಕು ನುಂಗುವುದೂ ಕಷ್ಟ. ‘ಆರಿದ ಚಾ’ ಎಂದರೆ ಸಿಟ್ಟಾಗುವ ಹಿರಿಯರು ‘ಬಶಿಗೆ ಹಾಕಿ ಕೊಡ್ಲೇನ್ರಿ ಮಾವಾ’ ಎಂದರೆ ಬೇಡ ಎನ್ನಲಾರರು ಎಂದು ನನ್ನ ನಂಬಿಕೆ. ಹಳೆ ಮೈಸೂರಿನ ಕಡೆಯವರು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವುದೂ ಇದೇ ಕೆಲಸ ಮಾಡುತ್ತದೆ.

ಇನ್ನು ತಂಬಾಕು. ಚೀನಾದಲ್ಲಿ ನಾಲ್ಕೂವರೆ ಲಕ್ಷ ಜನರನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಸುಡುವ ಚಹಾ ಕುಡಿದು ಜೊತೆಗೆ ಮದ್ಯವನ್ನೂ ಹೆಚ್ಚು ಕುಡಿಯುವವರಲ್ಲಿ ಅಪಾಯ ಐದು ಪಟ್ಟು, ಚಹಾದ ಜೊತೆ ಸಿಗರೇಟು ಇದ್ದವರಲ್ಲಿ ಎರಡು ಪಟ್ಟು. ಎರಡೂ ಇಲ್ಲದವರಲ್ಲಿ ಚಹಾ ಒಂದರಿಂದಲೇ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಗೋಲೆಸ್ತಾನಕ್ಕೂ ಇದಕ್ಕೂ ಪೂರ್ತಿ ಹೊಂದುವುದಿಲ್ಲ, ಹಾಗಾಗಿಯೇ ‘ಬಹುಶಃ’ ಎಂಬ ಪದ ಇನ್ನೂ ಉಳಿದಿದೆ. ಆದರೆ ಜಗಿಯುವ ತಂಬಾಕಿನ ವಿಷಯದಲ್ಲಿ ಬಹುಶಃ ಇಲ್ಲ. ಅದು ಬಾಯಿಗೂ ಅನ್ನನಾಳಕ್ಕೂ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿದೆ. ತಂಬಾಕಿಲ್ಲದ ಎಲೆ-ಅಡಿಕೆಯೂ ಅದೇ ಪಟ್ಟಿಯಲ್ಲಿದೆ. ಮನೆಯಲ್ಲಿ ಒಂದೇ ಜಗಳಕ್ಕೆ ಜಾಗವಿದ್ದರೆ ಅದನ್ನು ಚಹಾದ ಮೇಲೆ ಖರ್ಚು ಮಾಡಬೇಡಿ, ತಂಬಾಕಿನ ಚೀಲದ ಮೇಲೆ ಮಾಡಿ.

ಕೊನೆಗೆ, ನೀವು ಕೇಳದ ಒಂದು ವಿಷಯ. ಮಾವನವರು ಊಟ ಮಾಡುವುದನ್ನು ಸ್ವಲ್ಪ ಗಮನಿಸಿ. ಈ ರೋಗ ಮೊದಲು ಕಾಣಿಸಿಕೊಳ್ಳುವುದು ಗಟ್ಟಿ ತುತ್ತಿನಲ್ಲಿ. ರೊಟ್ಟಿ ಎದೆಯಲ್ಲಿ ನಿಂತಂತಾಗುತ್ತದೆ, ನೀರು ಕುಡಿದು ಇಳಿಸುತ್ತಾರೆ. ಆಮೇಲೆ ಯಾರಿಗೂ ಹೇಳದೆ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ, ನುಚ್ಚು, ಗಂಜಿಗೆ ಇಳಿಯುತ್ತಾರೆ. ಹಲ್ಲಿನ ತೊಂದರೆ ಎಂದು ಮನೆಯವರೂ ಸುಮ್ಮನಾಗುತ್ತಾರೆ. ತೂಕ ಇಳಿಯುವುದು, ದನಿ ಒಡೆಯುವುದು ಅದರ ಮುಂದಿನ ಹಂತ. ಹೀಗೆ ಎರಡು ವಾರ ಕಂಡರೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ದಿನ ತಳ್ಳಬೇಡಿ, ಹೊಟ್ಟೆ-ಕರುಳಿನ ವೈದ್ಯರ ಹತ್ತಿರ ಕರೆದೊಯ್ದು ಎಂಡೋಸ್ಕೋಪಿ ಮಾಡಿಸಿ. ಕೆಲವೇ ನಿಮಿಷಗಳ ಪರೀಕ್ಷೆ ಅದು, ಅನುಮಾನ ಕಂಡ ಜಾಗದಿಂದ ಚೂರು ತೆಗೆದು ಆಗಲೇ ಪರೀಕ್ಷೆಗೆ ಕಳಿಸಬಹುದು. ರೊಟ್ಟಿ ಸರಾಗವಾಗಿ ಇಳಿಯುತ್ತಿದ್ದರೆ ಇದಾವುದೂ ಬೇಡ, ನಾಳೆಯ ಚಹಾಕ್ಕೆ ಬಶಿ ಇಟ್ಟರೆ ಸಾಕು.