ಬಡ್ಡಿ ಮೊದಲೇ ಗೊತ್ತು, ನಿಜ ಬಡ್ಡಿ ಆಮೇಲೆ

"ಹಣದುಬ್ಬರ ಜಾಸ್ತಿ ಆದ್ರೆ ಸಾಲ ತಗೊಂಡವರಿಗೆ ಲಾಭ ಅಂತಾರೆ. ಆದ್ರೆ ಕೊಡುವವರು ಅದನ್ನೂ ಸೇರಿಸಿಯೇ ಬಡ್ಡಿ ಹಾಕಿರ್ತಾರಲ್ವಾ?"

ಹೌದು, ಸೇರಿಸಿರುತ್ತಾರೆ. ಆದರೆ ಸೇರಿಸುವುದು ತಮ್ಮ ಅಂದಾಜನ್ನು. ಅಂದಾಜು ತಪ್ಪಿದಷ್ಟಕ್ಕೆ ಮಾತ್ರ ಲಾಭ-ನಷ್ಟ.

ಒಂದು ವರ್ಷಕ್ಕೆ 1000 ಸಾಲ, ಬಡ್ಡಿ ಶೇ. 8 ಅಂದುಕೊಳ್ಳಿ. ಹಣದುಬ್ಬರ ಶೇ. 5 ಇರಬಹುದು ಅಂತ ಇಬ್ಬರೂ ಎಣಿಸಿದ್ದಾರೆ. ಬಡ್ಡಿಗೂ ಹಣದುಬ್ಬರಕ್ಕೂ ಇರುವ ನಂಟು ಹೇಳುವ ಫಿಶರ್ ಸಮೀಕರಣ ಹೀಗಿದೆ:

(1 + i) = (1 + r)(1 + π)

i ಪತ್ರದಲ್ಲಿ ಬರೆದ ಬಡ್ಡಿ, r ನಿಜ ಬಡ್ಡಿ, ಅಂದರೆ ಬೆಲೆ ಏರಿಕೆಯನ್ನು ಕಳೆದ ಮೇಲೆ ಉಳಿಯುವ ಬಡ್ಡಿ, π ಹಣದುಬ್ಬರ. 1.08 ಅನ್ನು 1.05ರಿಂದ ಭಾಗಿಸಿದರೆ r ಸುಮಾರು ಶೇ. 2.9. ಇದು ಸಾಲದ ದಿನ ನಿರೀಕ್ಷಿಸಿದ ನಿಜ ಬಡ್ಡಿ. (ಸುಮ್ನೆ 8ರಲ್ಲಿ 5 ಕಳೆದು 3 ಅನ್ನುವುದೂ ಉಂಟು. ದರ ಸಣ್ಣದಿದ್ದರೆ ಅಷ್ಟು ಸಾಕು.)

ಈಗ ಹಣದುಬ್ಬರ ಶೇ. 9 ಆಯಿತು. ಕೈಗೆ ಬರುವುದು ಅದೇ 1080. ಆದರೆ ಹಳೆಯ ಬೆಲೆಯ ಲೆಕ್ಕದಲ್ಲಿ ಅದು ಸುಮಾರು 991 ಮಾತ್ರ. ವರ್ಷದ ಕೊನೆಗೆ ಸಿಕ್ಕ ನಿಜ ಬಡ್ಡಿ ಮೈನಸ್ ಶೇ. 0.9! ನಿರೀಕ್ಷಿಸಿದ್ದು ಸುಮಾರು 1029. ಆ 38ರಷ್ಟು ಕೊಳ್ಳುವ ಶಕ್ತಿ ಎಲ್ಲೂ ಆವಿಯಾಗಲಿಲ್ಲ, ಸಾಲ ತಗೊಂಡವರ ಬಳಿಯೇ ಉಳಿಯಿತು.

ಇಬ್ಬರೂ ಮೊದಲೇ ಶೇ. 9 ಎಣಿಸಿದ್ದರೆ? ಅದೇ ನಿಜ ಬಡ್ಡಿಗೆ ದರ ಸುಮಾರು ಶೇ. 12.1 ಇರುತ್ತಿತ್ತು, ಯಾರಿಗೂ ಪುಕ್ಕಟೆ ಲಾಭವಿಲ್ಲ. ಹಾಗಾಗಿ "ಹಣದುಬ್ಬರ ಜಾಸ್ತಿ" ಅನ್ನುವ ಮಾತು ಅರ್ಧ ಸರಿ, "ಎಣಿಸಿದ್ದಕ್ಕಿಂತ ಜಾಸ್ತಿ" ಅನ್ನಬೇಕು.

ಇದೆಲ್ಲ ದರ ಬದಲಾಗದ ಸಾಲಕ್ಕೆ. ಬದಲಾಗುವ ದರವಾದರೆ ಬಡ್ಡಿಯೂ ಬೆನ್ನಟ್ಟಿ ಏರುತ್ತದೆ, ಈ ಲಾಭ ಬೇಗ ಕರಗುತ್ತದೆ.