43 ದಿನಕ್ಕೆ ಮುಟ್ಟು: ಹೆಚ್ಚಿಗೆ ಆದ ದಿನಗಳು ಎಲ್ಲಿ ಹೋದವು?

"ನಾನು ಮಂಡ್ಯ ಹತ್ತಿರದ ಹಳ್ಳಿಯವಳು, 9ನೇ ಕ್ಲಾಸು. ಜೂನ್ 4ಕ್ಕೆ ಮುಟ್ಟಾಗಿದ್ದೆ, ಆಮೇಲೆ ಆಗಿದ್ದು ಜುಲೈ 17ಕ್ಕೆ. ಪುಸ್ತಕದಲ್ಲಿ 28 ದಿನ ಅಂತ ಇದೆ. ಅಜ್ಜಿ ಉಷ್ಣ ಅಂತಾರೆ. ಒಳಗೆ ಏನಾಗುತ್ತೆ? ನಂಗೆ ತೊಂದ್ರೆ ಇದ್ಯಾ?"

ಮೈನೆರೆದ ಮೊದಲ ಎರಡು ಮೂರು ವರ್ಷ 21ರಿಂದ 45 ದಿನದೊಳಗೆ ಬಂದರೆ ಹೆದರುವಂಥದ್ದೇನಿಲ್ಲ ಕಣಮ್ಮ. 28 ಅನ್ನೋದು ದೊಡ್ಡ ಹೆಂಗಸರ ಸರಾಸರಿ. ನಾನು ಮಂಡ್ಯ ತಾಲ್ಲೂಕಿನ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುವವಳು. ವರ್ಷಕ್ಕೆ ಒಬ್ಬಳಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇದನ್ನೇ ಕೇಳುತ್ತಾಳೆ. ನಿನಗೆ ಹೆಚ್ಚಿಗೆ ಆದ 15 ದಿನ ಎಲ್ಲಿ ಹೋಯಿತು ಅಂತ ಹುಡುಕೋಣ, ಒಳಗಿನ ಕೆಲಸವೂ ಅರ್ಥವಾಗುತ್ತೆ.

ಜೂನ್ 4, ರಕ್ತ ಕಂಡ ದಿನ, ಅದೇ ಒಂದನೇ ದಿನ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತೆ. ಅಂಡಾಶಯದಲ್ಲಿ ಫಾಲಿಕಲ್ ಅನ್ನುವ ಪುಟ್ಟ ನೀರುಗುಳ್ಳೆಗಳಿವೆ, ಒಂದೊಂದರೊಳಗೂ ಬಲಿಯದ ಒಂದು ಅಂಡಾಣು. ಎಫ್‌ಎಸ್‌ಎಚ್ ಬಂದಾಗ ಇವುಗಳಲ್ಲಿ ಕೆಲವು ಒಟ್ಟಿಗೆ ಉಬ್ಬತೊಡಗುತ್ತವೆ, ಉಬ್ಬುತ್ತಾ ಈಸ್ಟ್ರೋಜೆನ್ ಅನ್ನುವ ಹಾರ್ಮೋನನ್ನು ತಯಾರಿಸುತ್ತವೆ. ಈಸ್ಟ್ರೋಜೆನ್ ಏರಿದಂತೆ ಪಿಟ್ಯುಟರಿ ಎಫ್‌ಎಸ್‌ಎಚ್ ಕಡಿಮೆ ಮಾಡುತ್ತೆ. ಆ ಚೂರುಪಾರಿನಲ್ಲೂ ಬೆಳೆಯಬಲ್ಲ ಒಂದು ಫಾಲಿಕಲ್ ಮಾತ್ರ ಮುಂದಕ್ಕೆ ಹೋಗುತ್ತೆ, ಮಿಕ್ಕವು ಮುರುಟಿಹೋಗುತ್ತವೆ. ಗೆದ್ದದ್ದು ಸುಮಾರು 2 ಸೆಂಟಿಮೀಟರ್ ಆಗುತ್ತೆ, ಸಣ್ಣ ನೆಲ್ಲಿಕಾಯಿ ಅನ್ನು. ಅದೇ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನೂ ಬೆಳೆಸುತ್ತೆ. ಮುಟ್ಟು ನಿಂತಾಗ ಒಂದೆರಡು ಮಿಲಿಮೀಟರ್ ಇದ್ದದ್ದು ಒಂದು ಸೆಂಟಿಮೀಟರಿನ ಹತ್ತಿರ ಬರುತ್ತೆ.

ಅಲ್ಲಿವರೆಗೆ ಪಿಟ್ಯುಟರಿಯನ್ನು ತಡೆದಿಟ್ಟಿದ್ದ ಈಸ್ಟ್ರೋಜೆನ್, ಮೇಲಿನ ಮಟ್ಟದಲ್ಲಿ ಸುಮಾರು ಎರಡು ದಿನ ನಿಂತರೆ ಉಲ್ಟಾ ಕೆಲಸ ಮಾಡುತ್ತೆ. ಎಲ್‌ಎಚ್ ಅನ್ನುವ ಇನ್ನೊಂದು ಹಾರ್ಮೋನು ಒಮ್ಮೆಲೇ ನುಗ್ಗುತ್ತೆ. ಅದಾಗಿ ಒಂದೂವರೆ ದಿನಕ್ಕೆ ಫಾಲಿಕಲ್ ಒಡೆದು ಅಂಡಾಣು ಹೊರಬರುತ್ತೆ.

ತಡವಾಗುವುದು ಈ ಮೊದಲ ಭಾಗದಲ್ಲೇ. ಈಸ್ಟ್ರೋಜೆನ್ ಆ ಮಟ್ಟ ಮುಟ್ಟದೆ ಎಲ್‌ಎಚ್ ಬರಲ್ಲ, ಅದಕ್ಕೆ ಇಂತಿಷ್ಟೇ ದಿನ ಅಂತ ಕಟ್ಟಿಲ್ಲ. ನಿನ್ನ ವಯಸ್ಸಲ್ಲಿ ಮಿದುಳು ಅಂಡಾಶಯಗಳ ಮಾತುಕತೆ ಇನ್ನೂ ಹದಕ್ಕೆ ಬಂದಿರಲ್ಲ. ಒಂದು ಸಾಲಿನ ಫಾಲಿಕಲ್‌ಗಳು ಅರ್ಧಕ್ಕೇ ಸೋತು, ಇನ್ನೊಂದು ಸಾಲು ಮೊದಲಿಂದ ಶುರುವಾಗಬಹುದು. ಊಟ ಬಿಟ್ಟು ತೂಕ ಇಳಿದರೂ, ಪರೀಕ್ಷೆಯ ಚಿಂತೆ ಜಾಸ್ತಿಯಾದರೂ ಹೀಗಾಗುತ್ತೆ. ಅಜ್ಜಿ ಹೇಳುವ ಉಷ್ಣಕ್ಕೆ ಇದರಲ್ಲಿ ಜಾಗವಿಲ್ಲ.

ಎರಡನೇ ಭಾಗ ಅಷ್ಟು ಎಳೆಯುವುದಿಲ್ಲ. ಒಡೆದ ಫಾಲಿಕಲ್ ಹಳದಿ ಗಂಟಾಗಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನನ್ನು ತಯಾರಿಸುತ್ತೆ. ಒಳಪದರ ಅದರಿಂದ ದಪ್ಪವಾಗುವುದನ್ನು ನಿಲ್ಲಿಸಿ ಸ್ಪಂಜಿನ ಹಾಗೆ ಮೆತ್ತಗೆ, ಪುಷ್ಟಿಯಾಗುತ್ತೆ. ಗರ್ಭ ನಿಲ್ಲದಿದ್ದರೆ ಆ ಗಂಟಿನ ಆಯಸ್ಸು ಹೆಚ್ಚುಕಡಿಮೆ 14 ದಿನ. ಅದು ಸೊರಗಿ ಪ್ರೊಜೆಸ್ಟರಾನ್ ಇಳಿದಾಗ ಒಳಪದರದ ಸಣ್ಣ ರಕ್ತನಾಳಗಳು ಬಿಗಿದುಕೊಂಡು, ರಕ್ತ ಸಿಗದೆ ಪದರ ಕಳಚುತ್ತೆ. ಆಗ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಗರ್ಭಕೋಶದ ಸ್ನಾಯುವನ್ನು ಹಿಂಡುತ್ತೆ, ಕಿಬ್ಬೊಟ್ಟೆ ನೋವು ಅದರದ್ದೇ.

ಈಗ ಜುಲೈ 17ರಿಂದ 14 ದಿನ ಹಿಂದಕ್ಕೆ ಎಣಿಸು. ಜುಲೈ 3. ಅಂಡಾಣು ಬಿಡುಗಡೆಯಾಗಿದ್ದರೆ ಸುಮಾರು ಅವತ್ತು. ಫಾಲಿಕಲ್ ಬಲಿಯಲು 14ರ ಬದಲು 29 ದಿನ ತಗೊಂಡಿದೆ. ಆ ಹೊತ್ತಲ್ಲಿ ಕೋಳಿಮೊಟ್ಟೆಯ ಬಿಳಿಲೋಳೆಯಂತೆ ತೆಳ್ಳಗೆ, ಎಳೆದರೆ ನೂಲಾಗುವ ಸ್ರಾವ ಕಂಡಿತ್ತಾ? ವಾಸನೆ, ತುರಿಕೆ ಇಲ್ಲದ ಆ ಸ್ರಾವವನ್ನು ಕಾಯಿಲೆ ಅಂದುಕೊಂಡು ಎಷ್ಟೋ ಹುಡುಗಿಯರು ಸುಮ್ಮನೆ ಕೊರಗುತ್ತಾರೆ, ನನಗೆ ನೋಡಕ್ಕಾಗಲ್ಲ.

ಅಂಡಾಣು ಬಿಡುಗಡೆಯೇ ಆಗದೆಯೂ ಇರಬಹುದು, ಮೊದಲ ವರ್ಷಗಳಲ್ಲಿ ಇದು ಮಾಮೂಲಿ. ಆಗ ಪ್ರೊಜೆಸ್ಟರಾನ್ ಇರಲ್ಲ. ಬರೀ ಈಸ್ಟ್ರೋಜೆನ್‌ನಿಂದ ಬೆಳೆದ ಪದರ ಒಂದೇ ಸಲ ಕಳಚದೆ ಅಲ್ಲಲ್ಲಿ ಉದುರುತ್ತೆ. ನೋವು ಅಷ್ಟಿರಲ್ಲ, ಆದರೆ ರಕ್ತ ತುಂಬ ದಿನ ಎಳೆಯಬಹುದು. ಬರೀ ತಾರೀಖು ನೋಡಿ ಎರಡರಲ್ಲಿ ಯಾವುದು ಅಂತ ಹೇಳಕ್ಕಾಗಲ್ಲ.

ತಾರೀಖು ಬರೆದಿಡುವಾಗ ಒಂದು ಎಚ್ಚರಿಕೆ. ನನ್ನ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ರಕ್ತ ನಿಂತ ದಿನದಿಂದ ಎಣಿಸಿ, 23 ದಿನಕ್ಕೇ ಆಗ್ತಿದೆ ಅಂತ ಅತ್ತಿದ್ದಳು. ಶುರುವಾದ ದಿನದಿಂದ ಎಣಿಸಿದರೆ 28 ಇತ್ತು. 90 ದಿನ ಕಳೆದರೂ ಆಗದಿದ್ದರೆ, ರಕ್ತ 7 ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ತೊಯ್ದುಹೋಗುತ್ತಿದ್ದರೆ, ಅಥವಾ 45 ದಿನ ದಾಟುವುದೇ ಮತ್ತೆ ಮತ್ತೆ ಆದರೆ ಅಮ್ಮನ ಜೊತೆ ಲೇಡಿ ಡಾಕ್ಟರ ಹತ್ತಿರ ಹೋಗು. ತಾರೀಖು ಬರೆದ ಆ ಹಾಳೆಯನ್ನೂ ತಗೊಂಡು ಹೋಗು, ಅವರು ಮೊದಲು ಕೇಳುವುದೇ ಅದನ್ನ.