ಔಷಧ ಗಂಟಲಲ್ಲೇ ಉಳಿದಾಗ: ಒಂದು ಇನ್ಹೇಲರ್ ಪ್ರಕರಣ

ಈ ಪ್ರಕರಣದ ರೋಗಿ ಐವತ್ತು ದಾಟಿದ ಮಹಿಳೆ. ಅವರ ಗುರುತು ತಿಳಿಯಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಹುಕಾಲದಿಂದ ಅಸ್ತಮಾ ಇರುವ ಅವರು ಮೊದಲು ಕ್ಯಾಪ್ಸೂಲ್ ಹಾಕಿ ಪುಡಿ ಎಳೆದುಕೊಳ್ಳುವ ಸಾಧನ ಬಳಸುತ್ತಿದ್ದರು. ಬಳಿಕ ವೈದ್ಯರು ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಶ್ವಾಸನಾಳವನ್ನು ಹಿಗ್ಗಿಸುವ ಫಾರ್ಮೊಟೆರಾಲ್ ಎರಡೂ ಇರುವ ಪಂಪ್ ಅನ್ನು ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ ಒತ್ತಿ ತೆಗೆದುಕೊಳ್ಳುವಂತೆ ಬರೆದುಕೊಟ್ಟಿದ್ದರು. ನನ್ನ ಬಳಿ ಬರುವ ಹೊತ್ತಿಗೆ ಅವರ ಧ್ವನಿ ಒಡೆದಿತ್ತು, ನಾಲಿಗೆ ಮತ್ತು ಅಂಗುಳಿನ ಮೇಲೆ ಬಿಳಿ ಪದರ ಕಟ್ಟಿತ್ತು, ಸಾರು ಬಾಯಿಗಿಟ್ಟರೂ ಉರಿಯುತ್ತಿತ್ತು. "ಸ್ಟೀರಾಯ್ಡ್ ನನ್ನ ಮೈಗೆ ಆಗಿಬರುವುದಿಲ್ಲ ಮೇಡಂ" ಎಂದು ಅವರೇ ಪಂಪ್ ನಿಲ್ಲಿಸಿದ್ದರು. ಅದರಿಂದ ರಾತ್ರಿಯ ಕೆಮ್ಮು ಮತ್ತು ಉಬ್ಬಸ ಮರಳಿದ್ದವು.

ತಂತ್ರ ಸರಿಯಿದೆಯೇ ಎಂದು ಕೇಳಿದರೆ ಹೆಚ್ಚಿನವರು ಸರಿಯಿದೆ ಎನ್ನುತ್ತಾರೆ. ಆದ್ದರಿಂದ ನಾನು ಕೇಳುವುದಿಲ್ಲ. ನನ್ನೆದುರಿಗೇ ಬಳಸಿ ತೋರಿಸಲು ಹೇಳುತ್ತೇನೆ. ಔಷಧವಿಲ್ಲದ ಅಭ್ಯಾಸದ ಪಂಪ್ ಕೊಟ್ಟಾಗ ಅವರು ಅದನ್ನು ಅಲುಗಾಡಿಸಲಿಲ್ಲ, ಮೊದಲು ಉಸಿರನ್ನು ಹೊರಬಿಡಲೂ ಇಲ್ಲ. ಒತ್ತಿದೊಡನೆ ಜೋರಾಗಿ, ಒಂದೇ ಎಳೆತಕ್ಕೆ ಉಸಿರೆಳೆದು ಕೂಡಲೇ ಬಿಟ್ಟುಬಿಟ್ಟರು. ಪುಡಿಯ ಸಾಧನದಲ್ಲಿ ಅವರು ಕಲಿತದ್ದು ಇದನ್ನೇ. ಅಲ್ಲಿ ಪುಡಿಯನ್ನು ಒಡೆದು ಚದುರಿಸುವ ಬಲ ರೋಗಿಯ ಉಸಿರಿನಿಂದಲೇ ಬರಬೇಕಾದ್ದರಿಂದ ರಭಸ ಬೇಕು. ಪಂಪ್‌ನಲ್ಲಿ ಔಷಧವೇ ವೇಗವಾಗಿ ಚಿಮ್ಮುತ್ತದೆ. ಉಸಿರೂ ರಭಸವಾದರೆ ಹನಿಗಳು ಗಂಟಲಿನ ತಿರುವನ್ನು ದಾಟಲಾರದೆ ಹಿಂಭಾಗಕ್ಕೆ ಬಡಿದು ಅಲ್ಲೇ ಅಂಟಿಕೊಳ್ಳುತ್ತವೆ. ಹೀಗೆ ಶ್ವಾಸಕೋಶಕ್ಕೆ ಔಷಧ ಕಡಿಮೆಯಾಗಿತ್ತು, ಬಾಯಿಗೆ ಹೆಚ್ಚಾಗಿತ್ತು. ಇವರ ತೊಂದರೆ ಔಷಧ ಒಗ್ಗದ್ದರಿಂದ ಬಂದದ್ದಲ್ಲ, ಅದು ಬಿದ್ದ ಜಾಗದಿಂದ ಬಂದದ್ದು ಎಂಬುದನ್ನು ಮೊದಲು ಮನವರಿಕೆ ಮಾಡಿದೆ. ಅದು ಆಗದಿದ್ದರೆ ಉಳಿದ ಯಾವ ಸಲಹೆಯನ್ನೂ ಅವರು ಪಾಲಿಸುತ್ತಿರಲಿಲ್ಲ.

ಒತ್ತುವುದನ್ನೂ ಉಸಿರೆಳೆಯುವುದನ್ನೂ ಹೊಂದಿಸಲು ಅವರಿಗೆ ಕಷ್ಟವಾಗುತ್ತಿದ್ದುದರಿಂದ ವೈದ್ಯರ ಒಪ್ಪಿಗೆ ಪಡೆದು, ಪಂಪ್‌ಗೂ ಬಾಯಿಗೂ ನಡುವೆ ಜೋಡಿಸಿ ಔಷಧವನ್ನು ಕ್ಷಣಕಾಲ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್ ಕೊಡಿಸಿದೆವು. ಪಂಪ್ ಅನ್ನು ಚೆನ್ನಾಗಿ ಅಲುಗಾಡಿಸಿ ಸ್ಪೇಸರ್‌ಗೆ ಜೋಡಿಸಿ, ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಬಾಯಿತುದಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಯನ್ನು ಬಿಗಿಯಾಗಿ ಮುಚ್ಚಿ, ಒಂದು ಸಲ ಮಾತ್ರ ಒತ್ತಿ, ತಡಮಾಡದೆ ಮೂರರಿಂದ ಐದು ಸೆಕೆಂಡುಗಳಷ್ಟು ನಿಧಾನವಾಗಿ, ಆಳವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಒಂದೇ ಉಸಿರಿನಲ್ಲಿ ಆಗದಿದ್ದರೆ ಬಾಯಿತುದಿಯಿಂದ ಬಾಯಿ ತೆಗೆಯದೆ ನಾಲ್ಕೈದು ಬಾರಿ ಸಹಜವಾಗಿ ಉಸಿರಾಡಬಹುದು. ಎರಡನೆಯ ಒತ್ತಿಗೆ ಮುಂಚೆ ಅರ್ಧದಿಂದ ಒಂದು ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಬೇಕು. ಸಮಯ ಉಳಿಸಲೆಂದು ಎರಡನ್ನೂ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಸೇರಿ ಒಳಗೋಡೆಗೆ ಅಂಟಿ ಔಷಧ ವ್ಯರ್ಥವಾಗುತ್ತದೆ.

ಸ್ಪೇಸರ್ ಅನ್ನು ತೊಳೆದು ಬಟ್ಟೆಯಿಂದ ಒರೆಸುವುದೇ ಶುಚಿತ್ವವೆಂದು ಅವರು ಭಾವಿಸಿದ್ದರು. ಪ್ಲಾಸ್ಟಿಕ್ ಅನ್ನು ಉಜ್ಜಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಉಂಟಾಗಿ ಔಷಧವನ್ನು ಗೋಡೆಗೆ ಸೆಳೆಯುತ್ತದೆ. ಹೀಗಾಗಿ ಜೊತೆಗೆ ಬಂದ ಸೂಚನೆಯ ಪ್ರಕಾರ, ಸಾಮಾನ್ಯವಾಗಿ ತಿಂಗಳಿಗೊಮ್ಮೆಯಾದರೂ, ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಳಭಾಗವನ್ನು ಉಜ್ಜದೆ ಮತ್ತು ಒರೆಸದೆ ನೆರಳಿನಲ್ಲಿ ತಾನಾಗಿ ಒಣಗಲು ಬಿಡುವಂತೆ ಹೇಳಿದೆ. ಬಾಯಿಗಿಡುವ ತುದಿಯ ಹೊರಭಾಗವನ್ನು ಮಾತ್ರ ಸಾಬೂನಿನ ಅಂಶ ಉಳಿಯದಂತೆ ಒರೆಸಬಹುದು.

ಬಾಯಿಯಲ್ಲಿ ಉಳಿದ ಸ್ಟೀರಾಯ್ಡ್ ಅಲ್ಲಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಶಿಲೀಂಧ್ರ ಬೆಳೆಯುತ್ತದೆ. ಆಗಲೇ ಮೂಡಿದ್ದ ಬಿಳಿ ಪದರಕ್ಕೆ ವೈದ್ಯರು ಶಿಲೀಂಧ್ರನಾಶಕ ಔಷಧ ಕೊಟ್ಟರು. ಕೇವಲ ನೀರು ಮುಕ್ಕಳಿಸಿದರೆ ಅದು ಹೋಗುವಂತಿರಲಿಲ್ಲ. ಮತ್ತೆ ಬರದಂತೆ ತಡೆಯಲು, ಪ್ರತಿ ಬಾರಿ ಎರಡೂ ಒತ್ತು ಮುಗಿದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ತಲೆ ಹಿಂದಕ್ಕೆ ಬಾಗಿಸಿ ಗಂಟಲಲ್ಲಿ ಗಳಗಳ ಮಾಡಿ, ಉಗಿಯಬೇಕು. ಇದನ್ನು ಎರಡು ಮೂರು ಸಲ ಮಾಡಬೇಕು. ಒಂದು ಲೋಟ ನೀರು ಕುಡಿದರೆ ಸಾಕಲ್ಲವೇ ಎಂದು ಅವರು ಕೇಳಿದರು. ಕುಡಿದರೆ ಬಾಯಿಯ ಔಷಧ ಹೊಟ್ಟೆಗೆ ಸೇರುತ್ತದೆ, ಆದ್ದರಿಂದ ಉಗಿಯುವುದೇ ಮುಖ್ಯ ಎಂದೆ. ಮರೆಯದಿರಲು ಪಂಪ್ ಅನ್ನು ಹಲ್ಲುಜ್ಜುವ ಮುಂಚೆಯೇ ತೆಗೆದುಕೊಳ್ಳುವಂತೆ ಸೂಚಿಸಿದೆ.

ಮುಕ್ಕಳಿಸಿದ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಧ್ವನಿಯ ಮಟ್ಟಿಗೆ ಸ್ಪೇಸರ್ ಮತ್ತು ನಿಧಾನದ ಉಸಿರಿನಿಂದ ಸ್ವಲ್ಪ ಪ್ರಯೋಜನವಾಗಬಹುದು. ಆದರೂ ಕೆಲವರಲ್ಲಿ ಧ್ವನಿಯ ಒಡಕು ಉಳಿದುಬಿಡುತ್ತದೆ. ಹಾಗಾದರೆ ಪಂಪ್ ನಿಲ್ಲಿಸದೆ, ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕೆಂದು ತಿಳಿಸಿದೆ.

ಹೊರಡುವ ಮುನ್ನ ಎಲ್ಲವನ್ನೂ ಅವರಿಂದಲೇ ಮಾಡಿಸಿ ನೋಡಿದೆ. ಮುಂದಿನ ಭೇಟಿಯಲ್ಲಿ ನಾಲಿಗೆ ಶುಭ್ರವಾಗಿತ್ತು, ರಾತ್ರಿಯ ಕೆಮ್ಮು ಇಳಿದಿತ್ತು; ಧ್ವನಿ ಮಾತ್ರ ಪೂರ್ತಿ ತಿಳಿಯಾಗಿರಲಿಲ್ಲ. ಉಸಿರೆಳೆಯುವ ವೇಗ ಮತ್ತೆ ತುಸು ಹೆಚ್ಚಿದ್ದುದನ್ನು ಕಂಡು ಅದೊಂದನ್ನೇ ತಿದ್ದಿದೆ. 120 ಒತ್ತುಗಳ ಅವರ ಪಂಪ್‌ನಲ್ಲಿ ಎಣಿಕೆಯ ಕಿಂಡಿ ಇರಲಿಲ್ಲವಾದ್ದರಿಂದ, ದಿನಕ್ಕೆ ನಾಲ್ಕರಂತೆ 30 ದಿನಕ್ಕೆ ಮುಗಿಯುವ ದಿನಾಂಕವನ್ನು ಅದರ ಪ್ಲಾಸ್ಟಿಕ್ ಕವಚದ ಮೇಲೆಯೇ ಬರೆದುಕೊಟ್ಟೆ.